ವಿಡಿಯೊ ಎಷ್ಟು ನಿಮಿಷ ಇರಬೇಕು?

ಪ್ರಶ್ನೆ: ಅಥಣಿಯಲ್ಲಿ ಕಬ್ಬು ಬೇಸಾಯದ ಯೂಟ್ಯೂಬ್ ಚಾನೆಲ್ ನಡೆಸುತ್ತೇನೆ. ದಿನವೂ ತಾನಾಗಿ ಬರುವ ವರದಿಯಿಂದ ವಿಡಿಯೊದ ಉದ್ದ ನಿರ್ಧರಿಸಬಹುದೇ?

ಉತ್ತರ: ಉದ್ದ ನಿರ್ಧರಿಸಲು ಬೇಕಾದದ್ದು ವಿಡಿಯೊದ ಯಾವ ಭಾಗದವರೆಗೆ ಜನ ನೋಡುತ್ತಾರೆಂದು ತೋರಿಸುವ ವಕ್ರರೇಖೆ; ಯೂಟ್ಯೂಬ್ ದಿನವೂ ಒಟ್ಟಾಗಿ ಕೊಡುವ ವರದಿಯಲ್ಲಿ ಅದು ಇರುವುದಿಲ್ಲ. ಅದನ್ನು ಅನಾಲಿಟಿಕ್ಸ್ ಎಪಿಐಗೆ ಒಂದೊಂದೇ ವಿಡಿಯೊದ ಐಡಿ ಕೊಟ್ಟು ಕೇಳಬೇಕು; ವಾರಕ್ಕೊಮ್ಮೆ ಕೇಳುವಂತೆ ನಾವೇ ಸಮಯ ಗೊತ್ತುಮಾಡಿಡಬಹುದು. ಸಿಗುವುದು ನೂರು ಸಾಲು. elapsedVideoTimeRatio ವಿಡಿಯೊದ ಎಷ್ಟನೇ ಭಾಗವೆಂದು ಹೇಳಿದರೆ, audienceWatchRatio ಆ ಭಾಗ ಎಷ್ಟು ಸಲ ನೋಡಲ್ಪಟ್ಟಿತೆಂಬ ಅನುಪಾತ. ಹಿಂದೆ ಸರಿಸಿ ಮತ್ತೆ ನೋಡಿದರೆ ಇದು 1 ದಾಟುವುದೂ ಉಂಟು.

ಎಡವುವುದು ಇಲ್ಲೇ: ಸಾಲುಗಳು ಭಾಗದ ಲೆಕ್ಕದಲ್ಲಿವೆ, ಸೆಕೆಂಡಿನಲ್ಲಲ್ಲ. ರವದಿ ಪುಡಿ ಮಾಡುವ 10 ನಿಮಿಷದ ವಿಡಿಯೊದಲ್ಲಿ 0.40ರ ಬಳಿ ರೇಖೆ ಕುಸಿಯಿತೆನ್ನಿ. 600 ಸೆಕೆಂಡಿನಿಂದ ಗುಣಿಸಿದರೆ ಅದು 4ನೇ ನಿಮಿಷ. 5 ನಿಮಿಷದ ಇನ್ನೊಂದರಲ್ಲಿ 0.80ಕ್ಕೆ ಕುಸಿದರೆ ಅದೂ 4ನೇ ನಿಮಿಷವೇ. ಹಲವು ವಿಡಿಯೊಗಳಲ್ಲಿ ಹೀಗಾದರೆ ನಾಲ್ಕು ನಿಮಿಷದೊಳಗೆ ಮುಗಿಸಿ ನೋಡಿ. ಕುಸಿತ ಒಂದೊಂದರಲ್ಲಿ ಒಂದೊಂದು ಕಡೆ ಇದ್ದರೆ ಉದ್ದದ ತಪ್ಪಲ್ಲ. ಆ ಕ್ಷಣದಲ್ಲಿ ಏನು ತೋರಿಸಿದ್ದೀರಿ ನೋಡಿ. ಬಹುತೇಕ ಅಲ್ಲಿ ಉತ್ತರ ಮುಗಿದು ಹರಟೆ ಶುರುವಾಗಿರುತ್ತದೆ.

ಸರಾಸರಿ ವೀಕ್ಷಣೆಯ ಶೇಕಡಾವಾರು ನೋಡಿ ಮಾತ್ರ ತೀರ್ಮಾನಿಸಬೇಡಿ. ಚಿಕ್ಕ ವಿಡಿಯೊಗೆ ಅದು ಸಾಮಾನ್ಯವಾಗಿ ಹೆಚ್ಚೇ ಬರುತ್ತದೆ.