ಮರೆತ ವೈಫೈ ಪಾಸ್‌ವರ್ಡ್ ನಿಮ್ಮ ಫೋನಿನಲ್ಲೇ ಇದೆ

ಮನೆಗೆ ಹೊಸ ಸ್ಮಾರ್ಟ್ ಟಿವಿ ಬಂದ ದಿನವೇ ಸಾಮಾನ್ಯವಾಗಿ ಈ ಪ್ರಶ್ನೆ ಏಳುವುದು: ವೈಫೈ ಪಾಸ್‌ವರ್ಡ್ ಏನು? ಎರಡು ವರ್ಷದ ಹಿಂದೆ ಕನೆಕ್ಷನ್ ಕೊಡಲು ಬಂದ ಹುಡುಗ ಅದನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟಿದ್ದ. ಚೀಟಿ ಈಗ ಎಲ್ಲಿದೆಯೋ ಯಾರಿಗೂ ಗೊತ್ತಿಲ್ಲ. ಮನೆಯವರ ಫೋನ್‌ಗಳೆಲ್ಲ ಅದೇ ವೈಫೈಯಲ್ಲಿ ಓಡುತ್ತಿವೆ, ಆದರೆ ಪಾಸ್‌ವರ್ಡ್ ಯಾರ ಬಾಯಲ್ಲೂ ಇಲ್ಲ.

ಇಂಥ ಹೊತ್ತಿನಲ್ಲಿ ಹಲವರು ಪ್ಲೇ ಸ್ಟೋರ್‌ಗೆ ಹೋಗಿ ‘ಪಾಸ್‌ವರ್ಡ್ ತೋರಿಸುವ’ ಆ್ಯಪ್ ಹುಡುಕುತ್ತಾರೆ. ದಯವಿಟ್ಟು ಬೇಡ. ಆಂಡ್ರಾಯ್ಡ್ ಫೋನು ವೈಫೈ ಪಾಸ್‌ವರ್ಡ್‌ಗಳನ್ನು ಸಿಸ್ಟಮ್ಮಿನ ಒಳಗಿನ ಒಂದು ಕಡತದಲ್ಲಿ ಇಟ್ಟುಕೊಳ್ಳುತ್ತದೆ. ಫೋನನ್ನು ರೂಟ್ ಮಾಡದ ಹೊರತು ಸಾಮಾನ್ಯ ಆ್ಯಪ್ ಯಾವುದಕ್ಕೂ ಆ ಕಡತದ ಹತ್ತಿರ ಸುಳಿಯಲು ಬಿಡುವುದಿಲ್ಲ. ರೂಟ್ ಮಾಡಲು ಹೋದರೆ ಫೋನಿನಲ್ಲಿರುವ ಎಲ್ಲವೂ ಅಳಿಸಿಹೋಗಬಹುದು, ಬ್ಯಾಂಕಿನ ಆ್ಯಪ್‌ಗಳು ಕೆಲಸ ಮಾಡದಿರಬಹುದು. ಒಂದು ಪಾಸ್‌ವರ್ಡಿಗಾಗಿ ಅಷ್ಟು ದೂರ ಹೋಗಬೇಕಿಲ್ಲ. 2019ರಲ್ಲಿ ಬಂದ ಆಂಡ್ರಾಯ್ಡ್ 10ರಿಂದ ಈಚೆಗೆ ಫೋನೇ ಇದಕ್ಕೊಂದು ದಾರಿ ಇಟ್ಟಿದೆ.

Settings ತೆರೆದು Network & internet, ಅದರೊಳಗೆ Internet ಒತ್ತಿ. ಸೇರಿಕೊಂಡಿರುವ ವೈಫೈ ಹೆಸರಿನ ಪಕ್ಕದ ಚಕ್ರದ ಗುರುತನ್ನು ಮುಟ್ಟಿದರೆ Share ಎಂಬ ಗುಂಡಿ ಕಾಣುತ್ತದೆ. ಸ್ಯಾಮ್‌ಸಂಗ್ ಫೋನಿನಲ್ಲಿ ಇದು Connections ಒಳಗಿನ Wi-Fi ಪುಟದಲ್ಲಿರುತ್ತದೆ. ರೆಡ್ಮಿ, ಪೋಕೊಗಳಲ್ಲಿ ಸೇರಿಕೊಂಡಿರುವ ವೈಫೈ ಹೆಸರನ್ನೇ ಮುಟ್ಟಿದರೆ ಸಾಕು. ಫೋನು ನಿಮ್ಮ ಬೆರಳಚ್ಚು ಅಥವಾ ಪಿನ್ ಕೇಳುತ್ತದೆ, ಆಮೇಲೆ ಕ್ಯೂಆರ್ ಕೋಡ್ ತೋರಿಸುತ್ತದೆ. ಪಿಕ್ಸೆಲ್‌ನಂಥ ಫೋನುಗಳಲ್ಲಿ ಕೋಡಿನ ಕೆಳಗೇ ಪಾಸ್‌ವರ್ಡ್ ಅಕ್ಷರಗಳಲ್ಲಿ ಬರೆದಿರುತ್ತದೆ. ಅಲ್ಲಿಗೆ ಕೆಲಸ ಮುಗಿಯಿತು.

ಬರೀ ಕೋಡ್ ಕಂಡರೆ ಇನ್ನೊಂದು ಹೆಜ್ಜೆ ಇದೆ. ಇನ್ನೊಂದು ಫೋನಿನ ಕ್ಯಾಮೆರಾಗೆ ಇದನ್ನು ಹಿಡಿದರೆ ಆ ಫೋನು ನೇರವಾಗಿ ವೈಫೈ ಸೇರಿಕೊಳ್ಳಲು ಹೊರಡುತ್ತದೆಯೇ ಹೊರತು ಪಾಸ್‌ವರ್ಡ್ ಹೇಳುವುದಿಲ್ಲ. ಟಿವಿಗೆ ಬೇಕಾದದ್ದು ರಿಮೋಟಿನಲ್ಲಿ ಒತ್ತಬಹುದಾದ ಅಕ್ಷರಗಳು. ಅದಕ್ಕೆ ಕೋಡಿನ ಸ್ಕ್ರೀನ್‌ಶಾಟ್ ತೆಗೆದು, ಕೋಡಿನೊಳಗಿನ ಬರಹವನ್ನು ಇದ್ದಂತೆ ತೋರಿಸುವ ಕ್ಯೂಆರ್ ರೀಡರ್ ಆ್ಯಪಿನಲ್ಲಿ ಆ ಚಿತ್ರವನ್ನು ತೆರೆಯಬೇಕು. ಆಗ ಇಂಥದೊಂದು ಸಾಲು ಸಿಗುತ್ತದೆ:

```
WIFI:S:Malnad_Mane;T:WPA;P:kaapi\;Thota47;H:false;;
```

S: ಆದಮೇಲೆ ಇರುವುದು ವೈಫೈ ಹೆಸರು. T: ಎಂಬುದು ಭದ್ರತೆಯ ಬಗೆ. H: ಎಂಬುದು ಹೆಸರು ಬಚ್ಚಿಟ್ಟ ನೆಟ್‌ವರ್ಕೇ ಅಲ್ಲವೇ ಎಂಬ ಮಾಹಿತಿ. ನಮಗೆ ಬೇಕಾದದ್ದು P: ಆದಮೇಲಿನ ಭಾಗ. ಎಡವುವುದು ಇಲ್ಲಿಯೇ. ಈ ಬರಹದಲ್ಲಿ ಒಂದೊಂದು ಭಾಗ ಮುಗಿದಾಗ ಅರ್ಧವಿರಾಮ ಬರುತ್ತದೆ. ಪಾಸ್‌ವರ್ಡಿನೊಳಗೇ ಅರ್ಧವಿರಾಮ ಇದ್ದರೆ ಗೊಂದಲವಾಗಬಾರದೆಂದು ಅದರ ಮುಂಚೆ ಒಂದು ಹಿಂಬಾಗಿದ ಗೆರೆ ಸೇರಿಸುತ್ತಾರೆ. ಅಲ್ಪವಿರಾಮ, ಎರಡು ಚುಕ್ಕಿಯ ಗುರುತು, ಉದ್ಧರಣ ಚಿಹ್ನೆ, ಆ ಗೆರೆ, ಇವಕ್ಕೂ ಹಾಗೆಯೇ. ಆದ್ದರಿಂದ ಮೇಲಿನ ಮನೆಯ ಪಾಸ್‌ವರ್ಡ್ `kaapi;Thota47`. ಗೆರೆ ಸೇರಿಸಿ ಒತ್ತಿದರೆ ಟಿವಿ ‘ತಪ್ಪು’ ಎನ್ನುತ್ತದೆ. ಮೊದಲ ಅರ್ಧವಿರಾಮಕ್ಕೇ ನಿಲ್ಲಿಸಿದರೂ ಅಷ್ಟೇ. T ದೊಡ್ಡಕ್ಷರವೆಂಬುದನ್ನೂ ನೋಡಿಕೊಳ್ಳಿ.

ಕೆಲಸ ಆದಮೇಲೆ ಸ್ಕ್ರೀನ್‌ಶಾಟನ್ನು ಅಳಿಸಿಬಿಡಿ, ಗ್ಯಾಲರಿಯ ಕಸದ ಬುಟ್ಟಿಯಿಂದಲೂ. ಆ ಚಿತ್ರ ಯಾರ ಕೈಗೆ ಸಿಕ್ಕರೂ ಅವರಿಗೆ ನಿಮ್ಮ ಪಾಸ್‌ವರ್ಡ್ ಸಿಕ್ಕಂತೆಯೇ. ಹಾಗಾಗಿ ಮನೆಯ ವಾಟ್ಸ್‌ಆ್ಯಪ್ ಗುಂಪಿಗೂ ಅದನ್ನು ಹಾಕದಿರುವುದು ಒಳ್ಳೆಯದು.

ಈ ದಾರಿ ನಡೆಯದ ಕಡೆಗಳೂ ಇವೆ. ಕಾಲೇಜು, ಕಚೇರಿಗಳಲ್ಲಿ ಪ್ರತಿಯೊಬ್ಬರಿಗೂ ಬೇರೆ ಬೇರೆ ಯೂಸರ್ ಹೆಸರು ಕೊಟ್ಟು ನಡೆಸುವ ವೈಫೈಗೆ Share ಗುಂಡಿಯೇ ಬರುವುದಿಲ್ಲ. ಹಿಂದೆ ಸೇರಿದ್ದ, ಈಗ ದೂರದಲ್ಲಿರುವ ವೈಫೈ ಪಾಸ್‌ವರ್ಡನ್ನು ಹಲವು ಫೋನುಗಳಲ್ಲಿ Saved networks ಪಟ್ಟಿಯಿಂದ ಇದೇ ರೀತಿ ತೆಗೆಯಬಹುದು. ಆದರೆ Forget ಒತ್ತಿಬಿಟ್ಟಿದ್ದರೆ ಫೋನು ಅದನ್ನು ಅಳಿಸಿಯೇಬಿಟ್ಟಿರುತ್ತದೆ. ಹಾಗಾಗಿ ವೈಫೈ ಸರಿಯಿಲ್ಲವೆಂದು ಮೊದಲೇ Forget ಒತ್ತಬೇಡಿ. ರೂಟರಿನಲ್ಲಿ ಯಾರಾದರೂ ಪಾಸ್‌ವರ್ಡ್ ಬದಲಿಸಿದ್ದರೆ ಫೋನು ತನ್ನಲ್ಲಿರುವ ಹಳೆಯದನ್ನೇ ತೋರಿಸುತ್ತದೆ. ಆ ಫೋನು ಈಗ ಅದೇ ವೈಫೈಯಲ್ಲಿ ಓಡುತ್ತಿದೆಯೇ ಎಂದು ನೋಡಿದರೆ ಇದು ತಿಳಿಯುತ್ತದೆ.

ಮನೆಯಲ್ಲಿರುವುದೆಲ್ಲ ಆಂಡ್ರಾಯ್ಡ್ 9 ಅಥವಾ ಅದಕ್ಕೂ ಹಳೆಯ ಫೋನುಗಳಾದರೆ ರೂಟರಿನ ಅಡಿಯಲ್ಲಿ ಅಂಟಿಸಿರುವ ಚೀಟಿ ನೋಡಿ. ಯಾರೂ ಬದಲಿಸಿರದಿದ್ದರೆ ಪಾಸ್‌ವರ್ಡ್ ಅಲ್ಲೇ ಇರುತ್ತದೆ. ರೂಟರಿನ ಹಿಂದಿನ ಸಣ್ಣ ತೂತಿಗೆ ಪಿನ್ನು ಚುಚ್ಚಿ ರೀಸೆಟ್ ಮಾಡುವುದು ಮಾತ್ರ ಬೇಡ: ಕನೆಕ್ಷನ್ ಕೊಟ್ಟವರು ಅದರಲ್ಲಿ ತುಂಬಿಸಿದ ಲಾಗಿನ್ ಕೂಡ ಅಳಿಸಿ, ಅವರು ಬಂದು ಸರಿಪಡಿಸುವವರೆಗೆ ಇಡೀ ಮನೆಗೆ ಇಂಟರ್ನೆಟ್ ಇಲ್ಲದಂತಾಗಬಹುದು.