ಡಿಬೇಟ್ ಪರೀಕ್ಷೆ: ಸೋಷಿಯಲ್ ಮೀಡಿಯಾ ಬಗ್ಗೆ ಎರಡು ನಿಮಿಷ ಮಾತಾಡುವ ಮುನ್ನ

ಸೋಷಿಯಲ್ ಮೀಡಿಯಾದಿಂದ ಹದಿಹರೆಯದವರಿಗೆ ಒಳಿತೋ ಕೆಡುಕೋ? ಇಂಗ್ಲಿಷ್ ಡಿಬೇಟ್‌ಗೆ ಇದು ಮತ್ತೆ ಮತ್ತೆ ಬರುವ ವಿಷಯ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಮಕ್ಕಳು ಇದಕ್ಕೆ ತಯಾರಾಗುವಾಗ ಇಂಗ್ಲಿಷ್ ಬರುವುದಿಲ್ಲವೆಂದು ಹೆದರುತ್ತಾರೆ. ಆದರೆ ಭಾಷಣ ಹೆಚ್ಚಾಗಿ ಸೋಲುವುದು ವಾದ ಸಡಿಲವಾದಾಗ. ಅದಕ್ಕೆ ಕಾರಣವಾಗುವ ನಾಲ್ಕು ತಪ್ಪು ಕಲ್ಪನೆಗಳು ಇಲ್ಲಿವೆ.

ತಪ್ಪು ಕಲ್ಪನೆ 1: ಒಳಿತು, ಕೆಡುಕು ಎರಡನ್ನೂ ಸಮವಾಗಿ ಹೇಳಿದರೆ ಕ್ಷೇಮ.

ಸತ್ಯ: ಅದು ಪ್ರಬಂಧದ ರೀತಿ. ಡಿಬೇಟ್‌ನಲ್ಲಿ ನೀವು ಯಾವ ಕಡೆ ಎಂಬುದು ಮೊದಲ ವಾಕ್ಯದಲ್ಲೇ ತಿಳಿಯಬೇಕು. ಎದುರು ಪಕ್ಷದ ಗಟ್ಟಿ ಮಾತೊಂದನ್ನು ಒಪ್ಪಿಕೊಂಡು, ಅದು ನಿಮ್ಮ ವಾದವನ್ನು ಏಕೆ ಬೀಳಿಸುವುದಿಲ್ಲ ಎಂದು ಮುಂದಿನ ವಾಕ್ಯದಲ್ಲಿ ಹೇಳಿ. ಒಪ್ಪಿಗೆ ಅಷ್ಟಕ್ಕೇ ಮುಗಿಯಲಿ.

ತಪ್ಪು ಕಲ್ಪನೆ 2: ಮೊಬೈಲ್ ಅಂದರೆ ಸೋಷಿಯಲ್ ಮೀಡಿಯಾ.

ಸತ್ಯ: ಈ ಭಾಗದಿಂದ ಎಷ್ಟೋ ಕುಟುಂಬಗಳು ಮಹಾರಾಷ್ಟ್ರ, ಗೋವಾ ಕಡೆ ದುಡಿಯಲು ಗುಳೆ ಹೋಗುತ್ತವೆ. ಅಜ್ಜಿಯ ಹತ್ತಿರ ಉಳಿದ ಹುಡುಗಿ ವಾಟ್ಸಾಪ್‌ನಲ್ಲಿ ಅವ್ವನ ಮುಖ ನೋಡಿ ಮಾತಾಡುತ್ತಾಳೆ. ಅಪರಿಚಿತರ ರೀಲ್ಸ್ ನೋಡುವುದೂ ಇದೂ ಒಂದೇ ಅಲ್ಲ. ನೀವು ಬರೀ 'ಮೊಬೈಲ್ ಕೆಟ್ಟದ್ದು' ಎಂದರೆ ಎದುರಿನವರು ಈ ಹುಡುಗಿಯ ಉದಾಹರಣೆ ಕೊಟ್ಟು ನಿಮ್ಮ ಮಾತು ಕಟ್ಟಿಹಾಕುತ್ತಾರೆ.

ಆಸ್ಟ್ರೇಲಿಯಾ 2024ರಲ್ಲಿ ಮಾಡಿದ ಕಾನೂನು ಇಲ್ಲಿ ಸಹಾಯಕ್ಕೆ ಬರುತ್ತದೆ. 16 ವರ್ಷದೊಳಗಿನವರು ಇನ್‌ಸ್ಟಾಗ್ರಾಂ, ಟಿಕ್‌ಟಾಕ್‌ನಂಥ ಕಡೆ ಖಾತೆ ಹೊಂದದಂತೆ ಅದು 2025ರ ಡಿಸೆಂಬರ್ 10ರಿಂದ ತಡೆಯುತ್ತದೆ. ವಾಟ್ಸಾಪ್ ಆ ಪಟ್ಟಿಗೆ ಸೇರಿಲ್ಲ. ಆದ್ದರಿಂದ ಮೊದಲೇ ಗೆರೆ ಹಾಕಿಕೊಳ್ಳಿ: 'ಬೈ ಸೋಷಿಯಲ್ ಮೀಡಿಯಾ, ಐ ಮೀನ್ ಆ್ಯಪ್ಸ್ ವಿತ್ ಆ್ಯನ್ ಎಂಡ್‌ಲೆಸ್ ಫೀಡ್.'

ತಪ್ಪು ಕಲ್ಪನೆ 3: ಒಂದು ಅಂಕಿ ಹೇಳಿದರೆ ವಾದ ಸಾಬೀತಾದಂತೆ.

ಸತ್ಯ: ಅಮೆರಿಕದ ಸರ್ಜನ್ ಜನರಲ್ 2023ರಲ್ಲಿ ಕೊಟ್ಟ ಸಲಹೆಯನ್ನು ಅನೇಕರು ಬಳಸುತ್ತಾರೆ. ದಿನಕ್ಕೆ 3 ಗಂಟೆಗಿಂತ ಹೆಚ್ಚು ಹೊತ್ತು ಸೋಷಿಯಲ್ ಮೀಡಿಯಾದಲ್ಲಿ ಕಳೆಯುವ ಹದಿಹರೆಯದವರಿಗೆ ಖಿನ್ನತೆ, ಆತಂಕದ ಲಕ್ಷಣಗಳ ಅಪಾಯ ಎರಡು ಪಟ್ಟು ಎಂದು ಅದರಲ್ಲಿದೆ. ಆದರೆ ಇದು ಎರಡು ಸಂಗತಿ ಜೊತೆಜೊತೆಗೆ ಕಂಡವು ಎಂಬ ಮಾತು. ಮೊದಲೇ ಮನಸ್ಸು ಕುಗ್ಗಿದ ಮಕ್ಕಳು ಹೆಚ್ಚು ಹೊತ್ತು ಫೋನ್ ಹಿಡಿದಿರಲೂಬಹುದು. ಆದ್ದರಿಂದ 'ಕಾಸಸ್' ಎನ್ನದೆ 'ಈಸ್ ಲಿಂಕ್ಡ್ ಟು' ಎನ್ನಿ. ಆಗ ವಾದ ಪ್ರಾಮಾಣಿಕವಾಗಿರುತ್ತದೆ, ಎದುರಿನವರಿಗೆ ಹಿಡಿಯಲು ತಪ್ಪೂ ಸಿಗುವುದಿಲ್ಲ.

ನಮ್ಮ ದೇಶದ ಅಂಕಿ ಬೇಕಿದ್ದರೆ ಅಸರ್ 2024ರ ವರದಿ ನೋಡಿ. ಗ್ರಾಮೀಣ ಭಾರತದಲ್ಲಿ ಸ್ಮಾರ್ಟ್‌ಫೋನ್ ಬಳಸಲು ಬರುವ 14ರಿಂದ 16 ವರ್ಷದವರಲ್ಲಿ, ಹಿಂದಿನ ವಾರ ಓದಿಗೆ ಸಂಬಂಧಿಸಿ ಬಳಸಿದವರು ಶೇ. 57, ಸೋಷಿಯಲ್ ಮೀಡಿಯಾಕ್ಕೆ ಬಳಸಿದವರು ಶೇ. 76. ಬಳಕೆ ಎಷ್ಟಿದೆ ಎಂದು ಇದು ತೋರಿಸುತ್ತದೆ. ಹಾನಿ ಎಷ್ಟು ಎಂದು ತೋರಿಸುವುದಿಲ್ಲ.

ತಪ್ಪು ಕಲ್ಪನೆ 4: ಹೆಚ್ಚು ಅಂಶ, ಕಠಿಣ ಪದ ಇದ್ದರೆ ಹೆಚ್ಚು ಅಂಕ.

ಸತ್ಯ: ಸಮಾಧಾನದಿಂದ ಮಾತಾಡಿದರೆ ಎರಡು ನಿಮಿಷಕ್ಕೆ ಸುಮಾರು 250 ಇಂಗ್ಲಿಷ್ ಪದ ಸಾಕು. ಅಷ್ಟರಲ್ಲಿ ಖಿನ್ನತೆ, ಮೋಸ, ಕಣ್ಣುನೋವು, ಓದು, ಸಂಸ್ಕೃತಿ ಎಲ್ಲವನ್ನೂ ತುರುಕಿದರೆ ಒಂದಕ್ಕೂ ಕಾರಣ ಕೊಡಲಾಗುವುದಿಲ್ಲ. ಒಂದೇ ಹಾನಿ ಆರಿಸಿಕೊಳ್ಳಿ. ನಿದ್ದೆಯನ್ನೇ ತೆಗೆದುಕೊಳ್ಳೋಣ.

ಮೊದಲು ವಾದ: 'ಸೋಷಿಯಲ್ ಮೀಡಿಯಾ ಹಾರ್ಮ್ಸ್ ಟೀನೇಜರ್ಸ್ ವೆನ್ ಇಟ್ ಟೇಕ್ಸ್ ದೇರ್ ಸ್ಲೀಪ್.' ನಂತರ ಕಾರಣ: ಪುಸ್ತಕಕ್ಕೆ ಕೊನೆಯ ಪುಟವಿದೆ, ರೀಲ್ಸ್‌ಗೆ ಕೊನೆಯಿಲ್ಲ. ಒಂದು ಮುಗಿದು ಬೆರಳು ಸರಿಸಿದರೆ ಇನ್ನೊಂದು ಬರುತ್ತದೆ, ನಿಲ್ಲಿಸುವ ಹೊತ್ತು ತಾನಾಗಿ ಬರುವುದಿಲ್ಲ. ಆಮೇಲೆ ಉದಾಹರಣೆ: ಹಳ್ಳಿಯಿಂದ ಸಿಂದಗಿಯ ಕಾಲೇಜಿಗೆ ಹೋಗುವ ಹುಡುಗ ಬಸ್ ಹಿಡಿಯಲು ಬೆಳಿಗ್ಗೆ 5.30ಕ್ಕೆ ಏಳಬೇಕು. ರಾತ್ರಿ 12.30ರವರೆಗೆ ರೀಲ್ಸ್ ನೋಡಿದರೆ ಅವನಿಗೆ ಉಳಿಯುವುದು 5 ಗಂಟೆ. ಹದಿಮೂರರಿಂದ ಹದಿನೆಂಟು ವರ್ಷದವರಿಗೆ ನಿದ್ರಾತಜ್ಞರು ಹೇಳುವುದು 8ರಿಂದ 10 ಗಂಟೆ. ದಿನಕ್ಕೆ ಕನಿಷ್ಠ 3 ಗಂಟೆ ಕೊರತೆ. ಇದಕ್ಕೆ ಕಠಿಣ ಪದ ಒಂದೂ ಬೇಕಿಲ್ಲ.

ಕೊನೆಗೆ ಎದುರು ಪಕ್ಷಕ್ಕೆ ಉತ್ತರ. ಯೂಟ್ಯೂಬ್ ಪಾಠದಿಂದ ಗಣಿತ ಕಲಿತವರಿದ್ದಾರೆ ಎಂದು ಅವರು ಹೇಳುತ್ತಾರೆ. ಒಪ್ಪಿಕೊಳ್ಳಿ. ಪಾಠವನ್ನು ಹುಡುಕಿ ತೆರೆದು ಮುಗಿಸುತ್ತೇವೆ, ಫೀಡ್ ನಮ್ಮನ್ನು ಹಿಡಿದಿಟ್ಟುಕೊಳ್ಳುತ್ತದೆ ಎಂದು ಬೇರ್ಪಡಿಸಿ ತೋರಿಸಿ. ಒಳಿತಿನ ಪರ ಮಾತಾಡುವವರೂ ಇದೇ ದಾರಿ ಹಿಡಿಯಬಹುದು: ಗುಳೆ ಹೋದ ತಂದೆತಾಯಿಯ ಜೊತೆಗಿನ ಮಾತುಕತೆಯೊಂದನ್ನೇ ಆರಿಸಿ, ಮೆಸೇಜಿಂಗ್ ಕೂಡ ಸೋಷಿಯಲ್ ಮೀಡಿಯಾ ಎಂದು ಮೊದಲೇ ಗೆರೆ ಹಾಕಿ, ನಿದ್ದೆಯ ಪ್ರಶ್ನೆಗೆ ಉತ್ತರ ಸಿದ್ಧವಿಟ್ಟುಕೊಂಡು ನಿಲ್ಲಬೇಕು.