ವಿದೇಶಿ ಸಾಫ್ಟ್‌ವೇರ್ ಇಂಟರ್‌ವ್ಯೂ: ಒಂದೇ ಪ್ರಶ್ನೆ ಮೂರು ರೌಂಡ್‌ಗಳಲ್ಲಿ ಹೇಗೆ ಬರ್ತದೆ?

ದುಬೈ, ರಿಯಾದ್, ಬರ್ಲಿನ್ ಅಥವಾ ಆಮ್‌ಸ್ಟರ್‌ಡಾಮ್‌ನ ಕಂಪೆನಿಗೆ ಸಾಫ್ಟ್‌ವೇರ್ ಇಂಜಿನಿಯರ್ ಹುದ್ದೆಗೆ ಅರ್ಜಿ ಹಾಕಿದರೆ ಸಾಮಾನ್ಯವಾಗಿ ಮೂರು ಬಗೆಯ ಇಂಟರ್‌ವ್ಯೂ ಎದುರಾಗ್ತವೆ. ಮೊದಲನೆಯದು ಕೋಡಿಂಗ್ ರೌಂಡ್, ಎರಡನೆಯದು ಸಿಸ್ಟಂ ಡಿಸೈನ್, ಮೂರನೆಯದು ಬಿಹೇವಿಯರಲ್ ರೌಂಡ್. ಹೆಚ್ಚಿನವು 45 ನಿಮಿಷದಿಂದ ಒಂದು ಗಂಟೆಯೊಳಗೆ ವಿಡಿಯೊ ಕಾಲ್‌ನಲ್ಲೇ ಮುಗಿಯುತ್ತವೆ. ನಮ್ಮಲ್ಲಿ ಹಲವರು ಇವುಗಳನ್ನು ಮೂರು ಬೇರೆ ಬೇರೆ ಪರೀಕ್ಷೆಗಳೆಂದು ತಿಳಿದು, ಕೋಡಿಂಗ್‌ಗೆ ತಿಂಗಳುಗಟ್ಟಲೆ ಕೊಟ್ಟು, ಉಳಿದೆರಡಕ್ಕೆ ಹಿಂದಿನ ರಾತ್ರಿ ಮಾತ್ರ ಇಟ್ಟುಕೊಳ್ಳುತ್ತಾರೆ. ನಿಜವಾಗಿ ಮೂರರಲ್ಲೂ ನೋಡುವುದು ಒಂದನ್ನೇ: ಅಸ್ಪಷ್ಟವಾದ ಸಮಸ್ಯೆಯನ್ನು ಈ ವ್ಯಕ್ತಿ ಹೇಗೆ ಸ್ಪಷ್ಟ ಮಾಡಿಕೊಂಡು ಬಿಡಿಸುತ್ತಾನೆ ಅಥವಾ ಬಿಡಿಸುತ್ತಾಳೆ ಎಂಬುದನ್ನು.

ಗಲ್ಫ್‌ನಿಂದ ಊರಿಗೆ ಹಣ ಕಳುಹಿಸುವುದು ನಮಗೆಲ್ಲ ಗೊತ್ತಿರುವ ವಿಷಯ. ಆ್ಯಪ್‌ನಲ್ಲಿ ಬಟನ್ ಒತ್ತಿದ ಮೇಲೆ ನೆಟ್‌ವರ್ಕ್ ಕೈಕೊಟ್ಟು, ಮತ್ತೊಮ್ಮೆ ಒತ್ತಿ, ಹಣ ಎರಡು ಸಲ ಹೋದರೆ? ಈ ಒಂದು ಸಮಸ್ಯೆಯನ್ನೇ ಹಿಡಿದು ಮೂರೂ ರೌಂಡ್‌ಗಳನ್ನು ದಾಟಿ ನೋಡೋಣ.

ಕೋಡಿಂಗ್ ರೌಂಡ್: ಮೊದಲು ಕೇಳಿ, ಆಮೇಲೆ ಬರೆಯಿರಿ

ಪ್ರಶ್ನೆ ಹೀಗೆ ಬರಬಹುದು: "ಹಣ ವರ್ಗಾವಣೆಗಳ ಒಂದು ಪಟ್ಟಿ ಇದೆ. ಒಬ್ಬನೇ ವ್ಯಕ್ತಿ, ಒಬ್ಬರಿಗೇ, ಅಷ್ಟೇ ಮೊತ್ತವನ್ನು 60 ಸೆಕೆಂಡಿನೊಳಗೆ ಮತ್ತೆ ಕಳುಹಿಸಿದ್ದರೆ ಅದನ್ನು ಗುರುತಿಸಿ."

ಕೂಡಲೇ ಟೈಪ್ ಮಾಡಲು ಶುರು ಮಾಡಬೇಡಿ. ಮೊದಲ ಐದು ನಿಮಿಷದಲ್ಲಿ ಮೂರು ಪ್ರಶ್ನೆ ಕೇಳಿ. ಪಟ್ಟಿ ಸಮಯದ ಕ್ರಮದಲ್ಲಿ ಇದೆಯೇ? ಸರಿಯಾಗಿ 60ನೇ ಸೆಕೆಂಡಿಗೆ ಬಂದದ್ದು ಲೆಕ್ಕಕ್ಕೆ ಸೇರುತ್ತದೆಯೇ? ಮೂರನೇ ಸಲ ಕಳುಹಿಸಿದ್ದರೆ ಅದನ್ನು ಮೊದಲನೆಯದರ ಜೊತೆ ಹೋಲಿಸಬೇಕೇ, ಎರಡನೆಯದರ ಜೊತೆಯೇ? ಈ ಕೊನೆಯ ಪ್ರಶ್ನೆ ಮುಖ್ಯ, ಏಕೆಂದರೆ ಅದರಿಂದ ಉತ್ತರವೇ ಬದಲಾಗ್ತದೆ. ಪಟ್ಟಿ ಕ್ರಮದಲ್ಲಿದೆ, 60 ಸೇರುತ್ತದೆ, ಹಿಂದಿನದರ ಜೊತೆ ಹೋಲಿಸಿದರೆ ಸಾಕು ಎಂದು ಇಂಟರ್‌ವ್ಯೂ ಮಾಡುವವರು ಹೇಳಿದರು ಎಂದಿಟ್ಟುಕೊಳ್ಳಿ.

ಈಗ ಸರಳ ದಾರಿಯನ್ನು ಬಾಯಲ್ಲಿ ಹೇಳಿ: ಪ್ರತಿಯೊಂದು ಸಾಲನ್ನೂ ಹಿಂದಿನ ಎಲ್ಲ ಸಾಲುಗಳ ಜೊತೆ ಹೋಲಿಸುವುದು. ಪಟ್ಟಿಯಲ್ಲಿ 1 ಲಕ್ಷ ಸಾಲು ಇದ್ದರೆ ಇದಕ್ಕೆ ಸುಮಾರು 500 ಕೋಟಿ ಹೋಲಿಕೆ ಬೇಕು. ಹಾಗಾಗಿ ಇದು ಆಗುವುದಿಲ್ಲ ಎಂದು ನೀವೇ ಹೇಳಿ. ಅದರ ಬದಲು ಕಳುಹಿಸಿದವರು, ಪಡೆದವರು, ಮೊತ್ತ ಈ ಮೂರನ್ನೂ ಸೇರಿಸಿ ಒಂದು ಕೀ ಮಾಡಿ, ಆ ಕೀ ಕೊನೆಯದಾಗಿ ಯಾವಾಗ ಬಂದಿತ್ತು ಎಂದು ಡಿಕ್ಷನರಿಯಲ್ಲಿ ಬರೆದಿಟ್ಟರೆ ಪಟ್ಟಿಯನ್ನು ಒಂದೇ ಸಲ ಓದಿದರೆ ಸಾಕು.

```python
def find_repeats(txns):
    last = {}
    result = []
    for txid, sender, receiver, amount, t in txns:
        key = (sender, receiver, amount)
        if key in last and t - last[key] <= 60:
            result.append(txid)
        last[key] = t
    return result
```

ಬರೆದು ಮುಗಿಸಿ "ಡನ್" ಎಂದು ಕೈಬಿಡಬೇಡಿ. ಹಲವರು ಅಂಕ ಕಳೆದುಕೊಳ್ಳುವುದು ಇಲ್ಲಿಯೇ. ಐದು ಸಾಲಿನ ಚಿಕ್ಕ ಉದಾಹರಣೆ ಇಟ್ಟುಕೊಂಡು ಕೈಯಾರೆ ನಡೆಸಿ ತೋರಿಸಿ. ಕೊನೆಯ ಅಂಕಿ ಸೆಕೆಂಡ್.

```text
A1  U7 -> U9  500    0
A2  U3 -> U9  500   20
A3  U7 -> U9  500   50
A4  U3 -> U9  500   80
A5  U7 -> U9  500  100
```

`A1`, `A2` ಮೊದಲ ಸಲ ಬಂದವು, ಹಾಗಾಗಿ ಬಿಟ್ಟುಬಿಡುತ್ತೇವೆ. `A3` ಬರುವಾಗ `A1`ರಿಂದ 50 ಸೆಕೆಂಡ್ ಆಗಿದೆ, ಸಿಕ್ಕಿಬಿತ್ತು. `A4` ಬರುವಾಗ `A2`ರಿಂದ ಸರಿಯಾಗಿ 60 ಸೆಕೆಂಡ್, ಗಡಿ ಸೇರುತ್ತದೆ ಎಂದು ಕೇಳಿಕೊಂಡಿದ್ದೇವೆ, ಅದೂ ಸಿಕ್ಕಿಬಿತ್ತು. `A5` ಹಿಂದಿನ `A3`ರಿಂದ 50 ಸೆಕೆಂಡ್ ದೂರ, ಅದೂ ಪಟ್ಟಿಗೆ ಸೇರಿತು. ಮೊದಲನೆಯದರ ಜೊತೆ ಮಾತ್ರ ಹೋಲಿಸುವುದಾದರೆ ಅದು 100 ಸೆಕೆಂಡ್ ದೂರ, ಸಿಗುತ್ತಿರಲಿಲ್ಲ. ನೀವು ಆರಂಭದಲ್ಲಿ ಕೇಳಿದ ಪ್ರಶ್ನೆಯ ಬೆಲೆ ಇಲ್ಲಿ ಕಾಣ್ತದೆ.

ಇದಾದ ಮೇಲೆ ಸಾಮಾನ್ಯವಾಗಿ ಇನ್ನೊಂದು ಪ್ರಶ್ನೆ ಬರ್ತದೆ: "ಈ ಪಟ್ಟಿ ನಿಲ್ಲದೆ ದಿನಗಟ್ಟಲೆ ಬರುತ್ತಲೇ ಇದ್ದರೆ?" ಆಗ `last` ಬೆಳೆಯುತ್ತಾ ಹೋಗಿ ಮೆಮೊರಿ ತುಂಬುತ್ತದೆ. 60 ಸೆಕೆಂಡಿಗಿಂತ ಹಳೆಯ ಕೀಗಳನ್ನು ಒಂದು ಕ್ಯೂ ಬಳಸಿ ತೆಗೆಯುತ್ತಾ ಹೋಗಬೇಕು ಎಂದು ಹೇಳಿದರೆ ಸಾಕು, ಸಮಯ ಇದ್ದರೆ ಬರೆಯಬಹುದು. ಮೊತ್ತವನ್ನು ದಶಮಾಂಶದಲ್ಲಿ ಇಡದೆ ಫಿಲ್ಸ್ ಅಥವಾ ಪೈಸೆಯ ಪೂರ್ಣ ಸಂಖ್ಯೆಯಲ್ಲಿ ಇಡಬೇಕು ಎಂಬ ಮಾತನ್ನೂ ಸೇರಿಸಿ. ಪೈಥಾನ್‌ನಲ್ಲಿ `0.1 + 0.2 == 0.3` ಎಂದು ಕೇಳಿದರೆ `False` ಬರ್ತದೆ. ಹಣದ ಲೆಕ್ಕದಲ್ಲಿ ಅದು ಆಗದು.

ಇನ್ನೊಂದು ವಿಷಯ ಮೌನ. ನಾವು ಬ್ಯಾರಿಯಲ್ಲೋ ಕನ್ನಡದಲ್ಲೋ ಯೋಚಿಸಿ, ಇಂಗ್ಲಿಷ್‌ನ ಸರಿಯಾದ ವಾಕ್ಯ ಸಿಗುವವರೆಗೆ ಸುಮ್ಮನಿರುತ್ತೇವೆ. ಆ ಕಡೆ ಕೂತವರಿಗೆ ನಿಮ್ಮ ತಲೆಯೊಳಗೆ ಏನಾಗುತ್ತಿದೆ ಎಂದು ಗೊತ್ತಾಗುವುದಿಲ್ಲ, ಸಿಕ್ಕಿಹಾಕಿಕೊಂಡಿದ್ದೀರಿ ಎಂದೇ ಅಂದುಕೊಳ್ಳುತ್ತಾರೆ. ದೊಡ್ಡ ಇಂಗ್ಲಿಷ್ ಬೇಡ. "ಫಸ್ಟ್ ಐ ವಿಲ್ ಟ್ರೈ ದಿ ಸಿಂಪಲ್ ವೇ" ಎಂಬಂಥ ಗಿಡ್ಡ ವಾಕ್ಯ ಸಾಕು. ಅವರು ಸುಳಿವು ಕೊಟ್ಟರೆ ಅದು ಅವಮಾನ ಅಲ್ಲ, ತಗೊಂಡು ಮುಂದೆ ಹೋಗಿ. ಸುಳಿವನ್ನು ಹೇಗೆ ಬಳಸುತ್ತೀರಿ ಎಂಬುದನ್ನೂ ಅವರು ಗಮನಿಸುತ್ತಾರೆ.

ಸಿಸ್ಟಂ ಡಿಸೈನ್: ದೊಡ್ಡ ಹೆಸರುಗಳಿಗಿಂತ ಲೆಕ್ಕ ಮುಖ್ಯ

ಕೆಲವು ವರ್ಷ ಅನುಭವ ಇರುವವರಿಗೆ ಇದೇ ವಿಷಯ ಹೀಗೆ ಬರ್ತದೆ: "ಯುಎಇಯಿಂದ ಭಾರತಕ್ಕೆ ಹಣ ಕಳುಹಿಸುವ ವ್ಯವಸ್ಥೆಯೊಂದನ್ನು ವಿನ್ಯಾಸ ಮಾಡಿ." ಇಲ್ಲಿ ಸರಿಯಾದ ಉತ್ತರ ಒಂದೇ ಇಲ್ಲ. ಹಲವರು ಕೂಡಲೇ ಬೋರ್ಡ್ ಮೇಲೆ ಕಾಫ್ಕಾ, ರೆಡಿಸ್, ಶಾರ್ಡಿಂಗ್ ಎಂದು ಪೆಟ್ಟಿಗೆಗಳನ್ನು ಬಿಡಿಸುತ್ತಾರೆ. "ಇದು ಯಾಕೆ ಬೇಕು?" ಎಂದು ಕೇಳಿದಾಗ ಉತ್ತರ ಇರುವುದಿಲ್ಲ.

ಲೆಕ್ಕದಿಂದ ಶುರು ಮಾಡಿ. ದಿನಕ್ಕೆ 10 ಲಕ್ಷ ವರ್ಗಾವಣೆ ಎಂದು ಅವರು ಹೇಳಿದರೆ, ದಿನದ 86,400 ಸೆಕೆಂಡಿಗೆ ಭಾಗಿಸಿ. ಸೆಕೆಂಡಿಗೆ ಸುಮಾರು 12 ಆಯಿತು. ಸಂಬಳದ ದಿನ ಹತ್ತು ಪಟ್ಟು ಜಾಸ್ತಿ ಎಂದರೂ 120. ಇಷ್ಟನ್ನು ಪೋಸ್ಟ್‌ಗ್ರೆಸ್‌ನಂಥ ಒಂದು ಸಾಮಾನ್ಯ ಡೇಟಾಬೇಸ್ ನಿಭಾಯಿಸುತ್ತದೆ. ಹಾಗಾಗಿ ಇಲ್ಲಿ ಕಷ್ಟ ವೇಗದ್ದಲ್ಲ, ಹಣ ಎರಡು ಸಲ ಹೋಗದಂತೆ ನೋಡಿಕೊಳ್ಳುವುದು ಎಂದು ಹೇಳಿದರೆ ಮಾತು ಸರಿಯಾದ ಜಾಗಕ್ಕೆ ಬಂತು.

ಕೋಡಿಂಗ್ ರೌಂಡ್‌ನ 60 ಸೆಕೆಂಡ್ ಉಪಾಯವನ್ನು ಇಲ್ಲಿ ಬಳಸಬಹುದೇ? ಬಳಸಿದರೆ ತೊಂದರೆ ಉಂಟು. ಒಬ್ಬ ಮಗ ಉಮ್ಮನ ಖಾತೆಗೆ ಮನೆ ಖರ್ಚಿಗೆಂದು 500 ದಿರ್ಹಮ್ ಕಳುಹಿಸಿ, ಅರ್ಧ ನಿಮಿಷದಲ್ಲಿ ತಂಗಿಯ ಫೀಸಿಗೆಂದು ಅದೇ ಖಾತೆಗೆ ಮತ್ತೆ 500 ಕಳುಹಿಸಬಹುದು. ಅದು ನಿಜವಾದ ಎರಡನೇ ವರ್ಗಾವಣೆ, ತಡೆಯಬಾರದು. ಇನ್ನೊಂದು ಕಡೆ ನೆಟ್‌ವರ್ಕ್ ಹೋಗಿ ಎರಡು ನಿಮಿಷದ ಬಳಿಕ ಫೋನ್ ಅದೇ ವಿನಂತಿಯನ್ನು ಮತ್ತೆ ಕಳುಹಿಸಿದರೆ ನಮ್ಮ ನಿಯಮಕ್ಕೆ ಅದು ಸಿಗುವುದಿಲ್ಲ. ಸಮಯ ನೋಡಿ ಊಹಿಸುವುದು ವರದಿಗೆ ಸಾಕು, ಹಣ ತಡೆಯಲು ಸಾಲದು.

ಅದಕ್ಕೆ ಐಡೆಂಪೊಟೆನ್ಸಿ ಕೀ ಬೇಕು. ಗ್ರಾಹಕ ಕನ್ಫರ್ಮ್ ಪುಟಕ್ಕೆ ಬಂದಾಗ ಫೋನ್ ಒಂದು ವಿಶಿಷ್ಟ ಸಂಖ್ಯೆಯನ್ನು ಹುಟ್ಟಿಸುತ್ತದೆ. ಎಷ್ಟು ಸಲ ಮತ್ತೆ ಪ್ರಯತ್ನಿಸಿದರೂ ಅದೇ ಸಂಖ್ಯೆ ಹೋಗ್ತದೆ. ಫೀಸಿಗೆಂದು ಹೊಸದಾಗಿ ಕಳುಹಿಸಿದರೆ ಹೊಸ ಸಂಖ್ಯೆ. ಸರ್ವರ್ ಆ ಸಂಖ್ಯೆಯನ್ನು ಈ ಮೊದಲೇ ಕಂಡಿದ್ದರೆ ಹಣ ಕಳುಹಿಸದೆ ಹಳೆಯ ಉತ್ತರವನ್ನೇ ಮರಳಿಸುತ್ತದೆ.

ಇಲ್ಲಿ ಒಂದು ಗುಂಡಿ ಇದೆ. "ಮೊದಲು ಹುಡುಕುತ್ತೇನೆ, ಇಲ್ಲದಿದ್ದರೆ ಬರೆಯುತ್ತೇನೆ" ಎಂದರೆ ಎರಡು ವಿನಂತಿಗಳು ಒಂದೇ ಕ್ಷಣದಲ್ಲಿ ಬಂದು, ಎರಡಕ್ಕೂ "ಇಲ್ಲ" ಎಂದು ಕಂಡು, ಎರಡೂ ಬರೆದುಬಿಡಬಹುದು. ಈ ಕಾವಲನ್ನು ಡೇಟಾಬೇಸ್‌ಗೇ ಒಪ್ಪಿಸಬೇಕು.

```sql
ALTER TABLE transfers
ADD CONSTRAINT uq_request UNIQUE (sender_id, request_id);
```

ಈಗ ಎರಡನೆಯದು ಬರೆಯಲು ಹೋದಾಗ ಡೇಟಾಬೇಸ್ ತಾನೇ ತಡೆಯುತ್ತದೆ. ಅದೇ ಸಂಖ್ಯೆಯಲ್ಲಿ ಬೇರೆ ಮೊತ್ತ ಬಂದರೆ ಅದನ್ನು ತಿರಸ್ಕರಿಸಬೇಕು.

ಭಾರತದ ಬ್ಯಾಂಕಿಗೆ ಹೋಗುವ ಕರೆ ಮಾತ್ರ ನಮ್ಮ ಡೇಟಾಬೇಸ್‌ನ ಹಿಡಿತದಲ್ಲಿಲ್ಲ. ಹಾಗಾಗಿ ಮೊದಲು `PENDING` ಎಂದು ಬರೆದು, ಆಮೇಲೆ ಬ್ಯಾಂಕಿಗೆ ಕಳುಹಿಸಬೇಕು. ಬ್ಯಾಂಕಿನಿಂದ ಉತ್ತರ ಬರದಿದ್ದರೆ "ವಿಫಲ" ಎಂದು ತೀರ್ಮಾನಿಸುವ ಹಾಗಿಲ್ಲ, ಹಣ ಅಲ್ಲಿ ಜಮೆ ಆಗಿರಲೂಬಹುದು. ಅದೇ ಉಲ್ಲೇಖ ಸಂಖ್ಯೆ ಹಿಡಿದು ಸ್ಥಿತಿ ಏನೆಂದು ವಿಚಾರಿಸಬೇಕು. ಉತ್ತರ ಬಾರದಿರುವುದು ಮತ್ತು ವಿಫಲವಾಗುವುದು ಬೇರೆ ಬೇರೆ ಎಂಬುದನ್ನು ನೀವಾಗಿಯೇ ಹೇಳಿದರೆ, ಕೆಲಸ ಮಾಡಿ ತಿಳಿದವರು ಎಂದು ಅವರಿಗೆ ಗೊತ್ತಾಗ್ತದೆ.

ಬಿಹೇವಿಯರಲ್ ರೌಂಡ್: "ನಾವು" ಎಂಬ ಮಾತಿನ ಹಿಂದೆ ಅಡಗಬೇಡಿ

"ಮ್ಯಾನೇಜರ್ ಮಾತನ್ನು ನೀವು ಒಪ್ಪದಿದ್ದ ಒಂದು ಸಂದರ್ಭ ಹೇಳಿ." ಇಂಥ ಪ್ರಶ್ನೆಗೆ ನಮ್ಮವರು ತಡಬಡಿಸುವುದು ಸಹಜ. ಹಿರಿಯರ ಎದುರು ಮಾತಾಡಬಾರದು, ತನ್ನನ್ನು ತಾನೇ ಹೊಗಳಿಕೊಳ್ಳಬಾರದು ಎಂದು ಬೆಳೆದವರು ನಾವು. ಹಾಗಾಗಿ ಉತ್ತರ ಹೀಗಿರುತ್ತದೆ: "ನಾವು ಟೀಮ್ ಆಗಿ ಚರ್ಚಿಸಿ ಸಮಸ್ಯೆ ಬಗೆಹರಿಸಿದೆವು." ಇದರಲ್ಲಿ ಸುಳ್ಳಿಲ್ಲ, ಆದರೆ ನೀವು ಏನು ಮಾಡಿದಿರಿ ಎಂಬುದೂ ಇಲ್ಲ. ಇಂಟರ್‌ವ್ಯೂ ಮಾಡುವವರಿಗೆ ಬರೆದುಕೊಳ್ಳಲು ಏನೂ ಸಿಗುವುದಿಲ್ಲ.

ಸ್ಟಾರ್ ಎಂಬ ಕ್ರಮ ಇಲ್ಲಿ ನೆರವಿಗೆ ಬರ್ತದೆ: ಸಂದರ್ಭ, ನಿಮ್ಮ ಹೊಣೆ, ನೀವು ಮಾಡಿದ್ದು, ಫಲ. ಎರಡೂವರೆ ನಿಮಿಷದ ಉತ್ತರದಲ್ಲಿ ಸಂದರ್ಭ ಮತ್ತು ಹೊಣೆಗೆ ಅರ್ಧ ನಿಮಿಷ, ಫಲಕ್ಕೆ ಅರ್ಧ ನಿಮಿಷ, ಉಳಿದದ್ದೆಲ್ಲ ನೀವು ಮಾಡಿದ್ದಕ್ಕೆ.

ಮಂಗಳೂರಿನ ಒಂದು ಕಂಪೆನಿಯಲ್ಲಿ ಪೇಮೆಂಟ್ ವಿಭಾಗದಲ್ಲಿ ಕೆಲಸ ಮಾಡುವ ಹುಡುಗಿಯೊಬ್ಬಳು ಹೀಗೆ ಹೇಳುತ್ತಾಳೆ ಎಂದಿಟ್ಟುಕೊಳ್ಳಿ: "ಶುಕ್ರವಾರ ರಿಲೀಸ್ ಮಾಡಲೇಬೇಕು ಎಂದು ಮ್ಯಾನೇಜರ್ ಹೇಳಿದ್ದರು. ರಿಟ್ರೈ ಕೋಡ್ ನನ್ನ ಹೊಣೆ. ಒಂದೇ ವಿನಂತಿಯನ್ನು ಎರಡು ಸಲ ಒಟ್ಟಿಗೆ ಕಳುಹಿಸುವ ಟೆಸ್ಟ್ ಬರೆದೆ, ಟೇಬಲ್‌ನಲ್ಲಿ ಎರಡು ಸಾಲು ಬಂತು. ಆ ಫಲಿತಾಂಶವನ್ನು ಮ್ಯಾನೇಜರ್‌ಗೆ ತೋರಿಸಿ ಎರಡು ದಾರಿ ಮುಂದಿಟ್ಟೆ: ರಿಟ್ರೈ ಬಿಟ್ಟು ಶುಕ್ರವಾರ ರಿಲೀಸ್, ಇಲ್ಲವೇ ಸರಿಪಡಿಸಿ ಸೋಮವಾರ. ಅವರು ಮೊದಲನೆಯದನ್ನು ಆರಿಸಿದರು. ನಾನು ಸೋಮವಾರ ಯುನಿಕ್ ಕನ್‌ಸ್ಟ್ರೈಂಟ್ ಸೇರಿಸಿದೆ, ಆ ಟೆಸ್ಟ್ ಈಗ ಪ್ರತಿ ಬಿಲ್ಡ್‌ನಲ್ಲೂ ಓಡುತ್ತದೆ."

ಇದರಲ್ಲಿ ಅಹಂಕಾರ ಇಲ್ಲ, ಮ್ಯಾನೇಜರ್ ಮೇಲೆ ದೂರೂ ಇಲ್ಲ. ಭಿನ್ನಾಭಿಪ್ರಾಯ ಪುರಾವೆಯ ಮೇಲೆ ನಿಂತಿದೆ, ತೀರ್ಮಾನ ಅವರದ್ದು, ಕೆಲಸ ಇವಳದ್ದು. "ಸೋಮವಾರದ ದಾರಿಯನ್ನೇ ಯಾಕೆ ಒತ್ತಾಯಿಸಲಿಲ್ಲ?" ಎಂದು ಅವರು ಕೆದಕುತ್ತಾರೆ. ನಿಜವಾಗಿ ನಡೆದದ್ದಾದರೆ ಉತ್ತರ ಇರುತ್ತದೆ. ಕಟ್ಟಿದ ಕಥೆ ಎರಡನೇ ಪ್ರಶ್ನೆಗೇ ಕುಸಿಯುತ್ತದೆ. ಹಾಗಾಗಿ ನಿಮ್ಮ ಸ್ವಂತ ಕೆಲಸದಿಂದ ನಾಲ್ಕೈದು ಘಟನೆಗಳನ್ನು ಬರೆದಿಡಿ: ಒಂದು ಭಿನ್ನಾಭಿಪ್ರಾಯ, ಒಂದು ವೈಫಲ್ಯ, ಗಡುವಿನ ಒತ್ತಡ, ಇನ್ನೊಬ್ಬರಿಗೆ ಮಾಡಿದ ಸಹಾಯ. ಅಮೆಜಾನ್‌ಗೆ ಹೋಗುವವರು ಅವರ 16 ಲೀಡರ್‌ಶಿಪ್ ಪ್ರಿನ್ಸಿಪಲ್‌ಗಳನ್ನು ಮುಂದಿಟ್ಟು ಯಾವ ಘಟನೆ ಯಾವುದಕ್ಕೆ ಹೊಂದುತ್ತದೆ ಎಂದು ಗುರುತು ಹಾಕಿಕೊಳ್ಳಬೇಕು, ಅಲ್ಲಿನ ಪ್ರಶ್ನೆಗಳು ಅವುಗಳಿಂದಲೇ ಬರುತ್ತವೆ. ಇನ್ನೂ ಓದುತ್ತಿರುವವರಿಗೆ ಕಾಲೇಜು ಪ್ರಾಜೆಕ್ಟ್ ಸಾಕು.

ತಯಾರಿ ಆಗಿದೆಯೋ ಇಲ್ಲವೋ ಎಂದು ತಿಳಿಯಲು ಒಂದು ದಾರಿ: ಗೆಳೆಯರೊಬ್ಬರನ್ನು ಎದುರು ಕೂರಿಸಿ, 45 ನಿಮಿಷ ಒಂದು ಹೊಸ ಪ್ರಶ್ನೆ ಬಿಡಿಸಿ, ಫೋನ್‌ನಲ್ಲಿ ರೆಕಾರ್ಡ್ ಮಾಡಿ. ಮರುದಿನ ಕೇಳುವಾಗ ಮೂರು ವಿಷಯ ಎಣಿಸಿ. ಕೋಡ್ ಬರೆಯುವ ಮೊದಲು ಎಷ್ಟು ಪ್ರಶ್ನೆ ಕೇಳಿದಿರಿ? ಒಂದು ನಿಮಿಷಕ್ಕಿಂತ ಜಾಸ್ತಿ ಎಷ್ಟು ಸಲ ಮೌನವಾಗಿದ್ದಿರಿ? ಬರೆದ ಮೇಲೆ ಉದಾಹರಣೆ ನಡೆಸಿ ನೋಡಿದಿರಾ? ಮತ್ತೆ ಇಂಟರ್‌ವ್ಯೂ ದಿನದ ಗಡಿಯಾರ: ಯುಎಇ ನಮಗಿಂತ ಒಂದೂವರೆ ಗಂಟೆ ಹಿಂದೆ, ಜರ್ಮನಿ ಬೇಸಿಗೆಯಲ್ಲಿ ಮೂರೂವರೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ಹಿಂದೆ. ಮೇಲ್‌ನಲ್ಲಿ ಬಂದ ಸಮಯ ಯಾವ ದೇಶದ್ದು ಎಂದು ಮೊದಲೇ ಕೇಳಿ ಖಚಿತ ಮಾಡಿಕೊಳ್ಳಿ.